ಮಕ್ಕಳಲ್ಲಿ ಜ್ವರ ಮತ್ತು ಗುಳ್ಳೆ: ಸೀತಾಳೆ ಸಿಡುಬು, ದಡಾರ, ಕೈ-ಕಾಲು-ಬಾಯಿ ರೋಗಗಳನ್ನು ದಿನಾಂಕದಿಂದ ಬೇರ್ಪಡಿಸುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)

ಬೇಸಿಗೆಯ ಮುಂಚಿನ ತಿಂಗಳುಗಳಲ್ಲಿ ಗ್ರಾಮಗಳಿಂದ ಪಂಚಾಯಿತಿ ಕಚೇರಿಗೆ ಬರುವ ಸುದ್ದಿ ಸಾಮಾನ್ಯವಾಗಿ ಒಂದೇ ಮಾತಿನಲ್ಲಿರುತ್ತದೆ: "ನಮ್ಮ ಓಣಿಯಲ್ಲಿ ಮಕ್ಕಳಿಗೆ ಅಮ್ಮ ಬಂದಿದೆ." ಈ ಒಂದು ಮಾತಿನೊಳಗೆ ಕನಿಷ್ಠ ಮೂರು ಬೇರೆ ಬೇರೆ ಕಾಯಿಲೆಗಳು ಅಡಗಿರಬಹುದು. ಮೊದಲನೆಯದು ಸೀತಾಳೆ ಸಿಡುಬು. ಎರಡನೆಯದು ದಡಾರ, ಹಲವು ಕಡೆ ಇದನ್ನು ಗೊಬ್ಬರ ಎಂದೂ ಕರೆಯುತ್ತಾರೆ. ಮೂರನೆಯದು ಕೈ, ಕಾಲು ಮತ್ತು ಬಾಯಿಯಲ್ಲಿ ಗುಳ್ಳೆ ಏಳಿಸುವ ಕಾಯಿಲೆ. ಮೂರೂ ವೈರಾಣುಗಳಿಂದ ಬರುವಂಥವು. ಮೂರರಲ್ಲಿಯೂ ಜ್ವರವಿರುತ್ತದೆ, ಮೈಮೇಲೆ ಏನಾದರೂ ಏಳುತ್ತದೆ. ಆದರೆ ಮಗುವಿನ ಜೀವಕ್ಕೆ ಇರುವ ಅಪಾಯ ಮೂರರಲ್ಲಿಯೂ ಒಂದೇ ಸಮನಾಗಿಲ್ಲ. ಪಂಚಾಯಿತಿಯು ಕೈಗೊಳ್ಳಬೇಕಾದ ಕ್ರಮವೂ ಒಂದೇ ಅಲ್ಲ.

ಇವುಗಳಲ್ಲಿ ಮಕ್ಕಳನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ದಡಾರ. ಅದರ ಹಿಂದೆಯೇ ಬರುವ ನ್ಯುಮೋನಿಯಾ ಮತ್ತು ಭೇದಿ ಪ್ರಾಣಾಪಾಯ ಉಂಟುಮಾಡುತ್ತವೆ. ಪೌಷ್ಟಿಕತೆ ಕಡಿಮೆಯಿರುವ ಮಕ್ಕಳಲ್ಲಿ ಕಣ್ಣಿನ ದೃಷ್ಟಿಯೂ ಹೋಗಬಹುದು. ಲಸಿಕೆಯಿಂದ ಸಂಪೂರ್ಣವಾಗಿ ತಡೆಯಬಹುದಾದ ಕಾಯಿಲೆಯೂ ಇದೇ. ಆದುದರಿಂದ "ಅಮ್ಮ" ಎಂಬ ಹೆಸರಿನಡಿ ದಡಾರವು ಗಮನಕ್ಕೆ ಬಾರದೆ ಉಳಿದುಹೋಗುವುದೇ ಇಲ್ಲಿರುವ ದೊಡ್ಡ ಅಪಾಯ. ರೋಗನಿರ್ಣಯ ಮಾಡುವುದು ವೈದ್ಯರ ಮತ್ತು ಪ್ರಯೋಗಾಲಯದ ಕೆಲಸ. ಆದರೆ ಯಾವ ಮನೆಗೆ ಮೊದಲು ವೈದ್ಯರನ್ನು ಕರೆತರಬೇಕು ಎಂಬುದನ್ನು ವಾರ್ಡ್ ಸದಸ್ಯರು ಎರಡು ದಿನಾಂಕ ಮತ್ತು ಒಂದು ಪ್ರಶ್ನೆಯ ನೆರವಿನಿಂದ ತಿಳಿಯಬಹುದು. ಜ್ವರ ಆರಂಭವಾದ ದಿನ ಯಾವುದು? ಗುಳ್ಳೆ ಕಾಣಿಸಿದ ದಿನ ಯಾವುದು? ಗುಳ್ಳೆ ಮೊದಲು ಮೈಯ ಯಾವ ಭಾಗದಲ್ಲಿ ಕಂಡಿತು?

ಒಂದೇ ಮಗುವಿನೊಳಗಿನ ಲೆಕ್ಕ: ಜ್ವರದಿಂದ ಗುಳ್ಳೆಯವರೆಗೆ

ಸೀತಾಳೆ ಸಿಡುಬಿನಲ್ಲಿ ಜ್ವರ ಮತ್ತು ಗುಳ್ಳೆ ಹೆಚ್ಚುಕಡಿಮೆ ಜೊತೆಯಾಗಿಯೇ ಬರುತ್ತವೆ. ಚಿಕ್ಕ ಮಕ್ಕಳಲ್ಲಿ ಎಷ್ಟೋ ಸಲ ತಾಯಿಗೆ ಮೊದಲು ಕಾಣುವುದು ಗುಳ್ಳೆಯೇ. ಮೈ ಮುಟ್ಟಿ ನೋಡಿದಾಗ ಜ್ವರವಿರುವುದು ಆಮೇಲೆ ತಿಳಿಯುತ್ತದೆ. ಗುಳ್ಳೆಗಳು ಎದೆ, ಹೊಟ್ಟೆ, ಬೆನ್ನು, ಮುಖ ಮತ್ತು ನೆತ್ತಿಯಲ್ಲಿ ಆರಂಭವಾಗುತ್ತವೆ. ಮೈಯ ನಡುಭಾಗದಲ್ಲಿ ದಟ್ಟವಾಗಿಯೂ, ಕೈಕಾಲುಗಳ ತುದಿಯ ಕಡೆಗೆ ವಿರಳವಾಗಿಯೂ ಇರುತ್ತವೆ. ಕೆಂಪು ಚುಕ್ಕೆ ಕೆಲವೇ ಗಂಟೆಗಳಲ್ಲಿ ಉಬ್ಬಿ, ಮಂಜಿನ ಹನಿಯಂಥ ನೀರ್ಗುಳ್ಳೆಯಾಗಿ, ಬಳಿಕ ಒಣಗಿ ಹಕ್ಕಳೆಯಾಗುತ್ತದೆ. ಮೂರರಿಂದ ಐದು ದಿನಗಳವರೆಗೆ ಹೊಸ ಗುಳ್ಳೆಗಳು ತಂಡತಂಡವಾಗಿ ಏಳುತ್ತಲೇ ಇರುವುದರಿಂದ, ಮೂರನೆಯ ದಿನ ಮಗುವಿನ ಬೆನ್ನನ್ನು ನೋಡಿದರೆ ಕೆಂಪು ಚುಕ್ಕೆ, ನೀರ್ಗುಳ್ಳೆ, ಒಣಗಿದ ಹಕ್ಕಳೆ ಮೂರೂ ಒಂದೇ ಜಾಗದಲ್ಲಿ ಅಕ್ಕಪಕ್ಕ ಕಾಣುತ್ತವೆ. ಇದೇ ಸೀತಾಳೆ ಸಿಡುಬಿನ ಮುಖ್ಯ ಗುರುತು. ತುರಿಕೆ ಬಹಳವಿರುತ್ತದೆ.

ದಡಾರದಲ್ಲಿ ಹಾಗಲ್ಲ. ಮೊದಲು ಎರಡರಿಂದ ನಾಲ್ಕು ದಿನ ಬರಿಯ ಜ್ವರ. ಅದೂ ದಿನದಿಂದ ದಿನಕ್ಕೆ ಏರುವ ಜೋರು ಜ್ವರ; ಜೊತೆಗೆ ಒಣ ಕೆಮ್ಮು, ಸುರಿಯುವ ಮೂಗು, ಬೆಳಕನ್ನು ನೋಡಲಾಗದಂತೆ ಕೆಂಪಾಗಿ ನೀರಾಡುವ ಕಣ್ಣು. ಈ ಹಂತದಲ್ಲಿ ಮನೆಯವರು ನೆಗಡಿಯೆಂದೇ ಭಾವಿಸುತ್ತಾರೆ. ಆ ಬಳಿಕ ದದ್ದು ಕಾಣುತ್ತದೆ. ಅದು ಕಿವಿಯ ಹಿಂಭಾಗ ಮತ್ತು ಹಣೆಯ ಕೂದಲಂಚಿನಲ್ಲಿ ಆರಂಭವಾಗಿ, ಮುಖಕ್ಕೆ ಹರಡಿ, ಎರಡನೆಯ ದಿನ ಎದೆ-ಹೊಟ್ಟೆಗೆ ಇಳಿದು, ಮೂರನೆಯ ದಿನದ ಹೊತ್ತಿಗೆ ಕಾಲುಗಳನ್ನು ತಲುಪುತ್ತದೆ. ಮೇಲಿನಿಂದ ಸುರಿದ ನೀರು ಕೆಳಗಿಳಿಯುವಂತೆ ಅದರ ಹಾದಿ. ಇದರಲ್ಲಿ ನೀರು ತುಂಬಿರುವುದಿಲ್ಲ. ಚಪ್ಪಟೆಯಾದ ಅಥವಾ ಸ್ವಲ್ಪವೇ ಉಬ್ಬಿದ ಕೆಂಪು ದದ್ದುಗಳು ಮುಖ ಮತ್ತು ಕತ್ತಿನಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಇಳಿಯುವಾಗಲೂ ಅದೇ ಕ್ರಮದಲ್ಲಿ ಇಳಿದು, ಕಂದು ಬಣ್ಣದ ಕಲೆ ಮತ್ತು ಹೊಟ್ಟಿನಂಥ ಸಿಪ್ಪೆಯನ್ನು ಬಿಟ್ಟುಹೋಗುತ್ತದೆ.

ಕೈ-ಕಾಲು-ಬಾಯಿ ರೋಗದಲ್ಲಿ ಜ್ವರ ಸಾಧಾರಣವಾಗಿರುತ್ತದೆ. ಅದು ಬಂದ ಒಂದೆರಡು ದಿನಗಳಲ್ಲಿ ಮಗು ಊಟ ಬಿಡುತ್ತದೆ, ಜೊಲ್ಲು ಸುರಿಸುತ್ತದೆ. ಬಾಯಿ ತೆರೆಸಿ ನೋಡಿದರೆ ನಾಲಗೆಯ ಮೇಲೆ, ಕೆನ್ನೆಯ ಒಳಭಾಗದಲ್ಲಿ ಹುಣ್ಣುಗಳು ಕಾಣುತ್ತವೆ. ಅದರ ಜೊತೆಗೆ ಅಥವಾ ಮರುದಿನ ಅಂಗೈ, ಅಂಗಾಲುಗಳಲ್ಲಿ ಚಿಕ್ಕ ಗುಳ್ಳೆಗಳು ಏಳುತ್ತವೆ. ಮೊಣಕಾಲು ಮತ್ತು ಕುಂಡೆಯ ಮೇಲೂ ಬರುವುದುಂಟು. ಎದೆ-ಬೆನ್ನು ಸಾಮಾನ್ಯವಾಗಿ ಖಾಲಿಯಾಗಿರುತ್ತದೆ. ಅಂದರೆ ಇದು ಸೀತಾಳೆ ಸಿಡುಬಿಗೆ ತಿರುಗುಮುರುಗು. ಅಲ್ಲಿ ನಡುಭಾಗ ದಟ್ಟ, ತುದಿ ವಿರಳ. ಇಲ್ಲಿ ತುದಿಯಲ್ಲೇ ಗುಳ್ಳೆ. ಬಹುತೇಕ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಏಳರಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಗುಣವಾಗುತ್ತದೆ.

ಮಗುವಿನಿಂದ ಮಗುವಿಗೆ: ಎರಡನೆಯ ಲೆಕ್ಕ

ಒಂದು ಮಗುವಿನ ನಂತರ ಇನ್ನೊಂದು ಮಗುವಿಗೆ ಎಷ್ಟು ದಿನಕ್ಕೆ ಗುಳ್ಳೆ ಬಂತು ಎಂಬುದು ಎರಡನೆಯ ಲೆಕ್ಕ. ಕೈ-ಕಾಲು-ಬಾಯಿ ರೋಗದ ವೈರಾಣು ಮೈಯೊಳಗೆ ಹೊಕ್ಕ ಮೂರರಿಂದ ಆರು ದಿನಗಳಲ್ಲಿ ಕಾಯಿಲೆ ಕಾಣಿಸುತ್ತದೆ. ಆದುದರಿಂದ ಅಂಗನವಾಡಿಯಲ್ಲಿ ಒಂದು ಮಗುವಿಗೆ ಬಂದರೆ ಅದೇ ವಾರದೊಳಗೆ ಇನ್ನೆರಡು ಮೂರು ಮಕ್ಕಳಿಗೆ ಬರುತ್ತದೆ. ಸೀತಾಳೆ ಸಿಡುಬಿಗೆ ಇದೇ ಅವಧಿ 10ರಿಂದ 21 ದಿನ, ಸಾಮಾನ್ಯವಾಗಿ ಎರಡು ವಾರ. ಹೀಗಾಗಿ ಮೊದಲ ಮಗುವಿನ ಹಕ್ಕಳೆ ಉದುರಿ, ಮನೆಯವರು ಮರೆಯುವ ಹೊತ್ತಿಗೆ ತಮ್ಮನಿಗೋ ತಂಗಿಗೋ ಬರುತ್ತದೆ. ದಡಾರದಲ್ಲಿ ಸೋಂಕು ತಗುಲಿದ ಸುಮಾರು 10 ದಿನಕ್ಕೆ ಜ್ವರ, ಸುಮಾರು 14 ದಿನಕ್ಕೆ ದದ್ದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೀತಾಳೆ ಸಿಡುಬು ಮತ್ತು ದಡಾರಗಳ ಈ ಎರಡನೆಯ ಲೆಕ್ಕ ಒಂದಕ್ಕೊಂದು ಹತ್ತಿರವಿರುವುದರಿಂದ, ಮಕ್ಕಳ ನಡುವಿನ ಅಂತರವೊಂದನ್ನೇ ನೋಡಿ ಅವೆರಡನ್ನು ಬೇರ್ಪಡಿಸಲಾಗದು. ಅವುಗಳನ್ನು ಬೇರ್ಪಡಿಸುವುದು ಮೊದಲನೆಯ ಲೆಕ್ಕವೇ: ಜ್ವರದ ದಿನವೇ ಗುಳ್ಳೆಯೋ, ಜ್ವರ ಬಂದು ಮೂರು ದಿನದ ನಂತರವೋ? ಮಕ್ಕಳ ನಡುವಿನ ಅಂತರವು ಕೈ-ಕಾಲು-ಬಾಯಿ ರೋಗವನ್ನು ಮಿಕ್ಕೆರಡರಿಂದ ಬೇರ್ಪಡಿಸುತ್ತದೆ. ಎರಡೂ ಲೆಕ್ಕಗಳನ್ನು ಒಟ್ಟಿಗೆ ಇಟ್ಟಾಗ ಮಾತ್ರ ಚಿತ್ರ ಸ್ಪಷ್ಟವಾಗುತ್ತದೆ.

ಒಂದು ಗ್ರಾಮದ ಉದಾಹರಣೆ

ಒಂದು ಗ್ರಾಮವನ್ನು ಕಲ್ಪಿಸಿಕೊಳ್ಳೋಣ. ಅಲ್ಲೊಂದು ಹಿರಿಯ ಪ್ರಾಥಮಿಕ ಶಾಲೆ, ಒಂದು ಅಂಗನವಾಡಿ, ಊರಾಚೆ ಒಂದು ಇಟ್ಟಿಗೆ ಭಟ್ಟಿ. ಮಾರ್ಚ್ 27ರಂದು ಸದಸ್ಯರಿಗೆ ಬಂದ ಸುದ್ದಿ, "ಹನ್ನೊಂದು ಮಕ್ಕಳಿಗೆ ಅಮ್ಮ ಬಂದಿದೆ" ಎಂದು. ಗುಳ್ಳೆ ಕಾಣಿಸಿದ ದಿನಾಂಕಗಳನ್ನಷ್ಟೇ ಬರೆದರೆ ಪಟ್ಟಿ ಹೀಗಿರುತ್ತದೆ: 2, 15, 16, 17, 17, 18, 22, 23, 26, 26, 27. ತಿಂಗಳ ಆರಂಭದಲ್ಲಿ ಒಂದು ಮಗುವಿಗೆ ಬಂದು, ಆಮೇಲೆ ಊರೆಲ್ಲ ಹರಡಿದ ಒಂದೇ ಕಾಯಿಲೆಯಂತೆ ಇದು ಕಾಣುತ್ತದೆ.

ಆಶಾ ಕಾರ್ಯಕರ್ತೆಯು ಪ್ರತಿ ಮನೆಗೆ ಹೋಗಿ ಜ್ವರದ ದಿನಾಂಕ, ಗುಳ್ಳೆ ಮೊದಲು ಕಂಡ ಜಾಗ, ಮಗು ದಿನವೂ ಸೇರುವ ಸ್ಥಳ ಇವುಗಳನ್ನು ಸೇರಿಸಿ ಬರೆದಾಗ ಪಟ್ಟಿ ಮೂರಾಗಿ ಒಡೆಯುತ್ತದೆ.

ಮೊದಲ ಪಟ್ಟಿಯಲ್ಲಿ ಶಾಲೆಯ ನಾಲ್ಕು ಮಕ್ಕಳು. ಎಂಟು ವರ್ಷದ ಹುಡುಗನಿಗೆ ಮಾರ್ಚ್ 2ರಂದು ಜ್ವರ ಮತ್ತು ಬೆನ್ನಿನ ಮೇಲೆ ಗುಳ್ಳೆ ಒಂದೇ ದಿನ. ಅವನ ತಂಗಿಗೆ 16ರಂದು, ಅವನದೇ ತರಗತಿಯ ಇಬ್ಬರಿಗೆ 17ರಂದು. ಎಲ್ಲರಲ್ಲೂ ಜ್ವರದ ದಿನವೇ ಗುಳ್ಳೆ. ಎಲ್ಲರಲ್ಲೂ ನಡುಮೈಯಲ್ಲಿ ನೀರ್ಗುಳ್ಳೆ. ಮೊದಲ ಮಗುವಿನಿಂದ 14-15 ದಿನಗಳ ಅಂತರ. ಇದು ಸೀತಾಳೆ ಸಿಡುಬಿನ ನಡೆ.

ಎರಡನೆಯ ಪಟ್ಟಿಯಲ್ಲಿ ಅಂಗನವಾಡಿಯ ನಾಲ್ಕು ಮಕ್ಕಳು, ಎಲ್ಲರೂ ಐದು ವರ್ಷದೊಳಗಿನವರು: 18, 22, 23 ಮತ್ತು 26. ಒಂಬತ್ತು ದಿನಗಳೊಳಗೆ ನಾಲ್ವರು. ಸಣ್ಣ ಜ್ವರ, ಬಾಯಿಹುಣ್ಣು, ಅಂಗೈ-ಅಂಗಾಲಿನಲ್ಲಿ ಗುಳ್ಳೆ. ಸೀತಾಳೆ ಸಿಡುಬಾಗಲಿ ದಡಾರವಾಗಲಿ ಇಷ್ಟು ಬೇಗ ಒಂದು ಮಗುವಿನಿಂದ ಇನ್ನೊಂದಕ್ಕೆ ದಾಟಿ ಕಾಣಿಸಿಕೊಳ್ಳಲಾರದು. ಇದು ಕೈ-ಕಾಲು-ಬಾಯಿ ರೋಗದ ನಡೆ.

ಉಳಿದ ಮೂವರು ಭಟ್ಟಿಯ ಶೆಡ್ಡುಗಳ ಮಕ್ಕಳು. ಹದಿನಾಲ್ಕು ತಿಂಗಳ ಮಗುವಿಗೆ 12ರಂದು ಜ್ವರ, 15ರಂದು ಕಿವಿಯ ಹಿಂದೆ ದದ್ದು. ಅದರ ನಾಲ್ಕು ವರ್ಷದ ಅಕ್ಕನಿಗೆ 23ರಂದು ಜ್ವರ, 26ರಂದು ದದ್ದು. ಪಕ್ಕದ ಶೆಡ್ಡಿನ ಮಗುವಿಗೆ 24ರಂದು ಜ್ವರ, 27ರಂದು ದದ್ದು. ಮೂವರಲ್ಲಿಯೂ ಜ್ವರಕ್ಕೂ ದದ್ದಿಗೂ ನಡುವೆ ಮೂರು ದಿನ, ಕೆಮ್ಮು, ಕೆಂಪು ಕಣ್ಣು, ನೀರ್ಗುಳ್ಳೆ ಇಲ್ಲ. ಆ ಕುಟುಂಬ ಮಾರ್ಚ್ 3ರಂದು ಬೇರೊಂದು ಜಿಲ್ಲೆಯಿಂದ ಕೆಲಸಕ್ಕೆ ಬಂದದ್ದು. 15ರಿಂದ ಹಿಂದಕ್ಕೆ 14 ದಿನ ಎಣಿಸಿದರೆ ಮಾರ್ಚ್ 1. ಅಂದರೆ ಸೋಂಕು ತಗುಲಿದ್ದು ಬಹುಶಃ ಈ ಗ್ರಾಮಕ್ಕೆ ಬರುವ ಮೊದಲೇ. ಮಗುವಿನ ತಾಯಿ ಕಾರ್ಡಿನಲ್ಲಿ ಒಂಬತ್ತು ತಿಂಗಳಿನ ಲಸಿಕೆಯ ಜಾಗ ಖಾಲಿ. ಕುಟುಂಬ ಊರಿಂದೂರಿಗೆ ತಿರುಗುತ್ತಿದ್ದಾಗ ಆ ತಿಂಗಳು ಕಳೆದುಹೋಗಿತ್ತು.

ಹನ್ನೊಂದು ಮಕ್ಕಳಲ್ಲಿ ಎಂಟು ಮಕ್ಕಳ ಕಾಯಿಲೆ ಸಾಮಾನ್ಯವಾಗಿ ತಾನೇ ಇಳಿಯುವಂಥದು. ಊರಿನ ಮಾತು ನಡೆದದ್ದು ಆ ಎಂಟರ ಬಗ್ಗೆಯೇ, ಏಕೆಂದರೆ ಅವು ಊರೊಳಗಿನ ಮನೆಗಳು. ಅಪಾಯದಲ್ಲಿದ್ದದ್ದು ಊರಾಚೆಯ ಮೂವರು. ಮೊದಲ ಮಗುವಿನ ದದ್ದಿಗೂ ಎರಡನೆಯ ಮಗುವಿನ ದದ್ದಿಗೂ ನಡುವೆ 11 ದಿನಗಳಿದ್ದವು. ಆ ದಿನಗಳಲ್ಲಿ ಭಟ್ಟಿಯ ಎಲ್ಲ ಮಕ್ಕಳ ಕಾರ್ಡ್ ನೋಡಿ ಲಸಿಕೆ ಹಾಕಿಸಲು ಅವಕಾಶವಿತ್ತು. ದಿನಾಂಕ ಬರೆದವರಿಲ್ಲದ ಕಾರಣ ಅದು ಕೈತಪ್ಪಿತು.

ಸದಸ್ಯರು ಕೈಗೊಳ್ಳಬೇಕಾದ ಕ್ರಮ

ಜ್ವರದೊಂದಿಗೆ ದದ್ದು ಇರುವ ಯಾವುದೇ ಮಗುವನ್ನು ದಡಾರದ ಶಂಕಿತ ಪ್ರಕರಣವೆಂದು ಪರಿಗಣಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ದಿನ ತಿಳಿಸುವುದು ಮೊದಲ ಕ್ರಮ. ರಕ್ತದ ಮಾದರಿ ಪರೀಕ್ಷೆಯಾದ ನಂತರವೇ ದಡಾರವೋ ಅಲ್ಲವೋ ಎಂಬುದು ಖಚಿತವಾಗುತ್ತದೆ. ರುಬೆಲ್ಲಾ, ಡೆಂಗಿ, ಔಷಧದ ಅಲರ್ಜಿ ಮುಂತಾದವು ಸಹ ಇಂಥದೇ ದದ್ದನ್ನು ತರಬಲ್ಲವು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ದದ್ದಿನ ಕೆಂಪು ಸುಲಭವಾಗಿ ಕಾಣುವುದಿಲ್ಲವಾದ್ದರಿಂದ ಬೆಳಕಿನಲ್ಲಿ ನೋಡಬೇಕು, ಬೆರಳಿನಿಂದ ಸವರಿ ಒರಟುತನವನ್ನು ತಿಳಿಯಬೇಕು. ಕೈ-ಕಾಲು-ಬಾಯಿ ರೋಗದ ಗುಳ್ಳೆ ಕೆಲವೊಮ್ಮೆ ತೋಳು, ತೊಡೆ ಮತ್ತು ಬಾಯಿಯ ಸುತ್ತಲೂ ಹರಡಿ ಸೀತಾಳೆ ಸಿಡುಬಿನಂತೆಯೇ ತೋರುವುದುಂಟು. ಹೀಗೆ ಮೈಮೇಲಿನ ಗುರುತು ಗೊಂದಲವಾದಾಗಲೂ ದಿನಾಂಕಗಳು ನೆರವಿಗೆ ಬರುತ್ತವೆ.

ದಡಾರ ಶಂಕೆಯಿರುವಲ್ಲಿ ಸುತ್ತಲಿನ ಎಲ್ಲ ಮಕ್ಕಳ ಲಸಿಕೆ ಪರಿಶೀಲನೆ ತಕ್ಷಣ ಆಗಬೇಕು. ದಡಾರ-ರುಬೆಲ್ಲಾ ಲಸಿಕೆಯ ಮೊದಲ ವರಸೆಯನ್ನು 9 ತಿಂಗಳು ತುಂಬಿದ ಮೇಲೆ, ಎರಡನೆಯದನ್ನು 16ರಿಂದ 24 ತಿಂಗಳ ನಡುವೆ ಉಚಿತವಾಗಿ ಹಾಕಲಾಗುತ್ತದೆ. ದೇಶದಲ್ಲಿ ಈ ಜೋಡಿ ಲಸಿಕೆಯ ಅಭಿಯಾನವು 2017ರ ಫೆಬ್ರುವರಿಯಲ್ಲಿ ಆರಂಭವಾದಾಗ ಮೊದಲ ಹಂತದಲ್ಲಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಭಿಯಾನದ ಬಳಿಕ ಹುಟ್ಟಿದ ಮಕ್ಕಳಿಗೆ ನಿಯಮಿತ ಲಸಿಕೆಯೇ ಆಸರೆ. ರೋಗಿಯ ಸಂಪರ್ಕಕ್ಕೆ ಬಂದ 72 ಗಂಟೆಗಳೊಳಗೆ ಲಸಿಕೆ ಸಿಕ್ಕರೆ ಕಾಯಿಲೆಯನ್ನು ತಡೆಯುವ ಸಾಧ್ಯತೆಯಿದೆ. ಕಾಯಿಲೆ ಬಂದ ಮಗುವಿಗೆ ವೈದ್ಯರು ಸತತ ಎರಡು ದಿನ ವಿಟಮಿನ್ 'ಎ' ದ್ರಾವಣ ಕುಡಿಸುತ್ತಾರೆ. ಅದು ಕಣ್ಣನ್ನೂ ಜೀವವನ್ನೂ ಕಾಯುತ್ತದೆ. ಭಟ್ಟಿ, ಕಬ್ಬು ಕಡಿಯುವವರ ಬಿಡಾರ, ಕಟ್ಟಡ ಕಾಮಗಾರಿಯ ಸ್ಥಳಗಳಿಗೆ ಹೊಸ ಕುಟುಂಬಗಳು ಬಂದಾಗ ಅವರ ಮಕ್ಕಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಗೆ ತಲುಪಿಸುವ ಕೆಲಸ ಪಂಚಾಯಿತಿ ಸದಸ್ಯರಿಂದ ಸುಲಭವಾಗಿ ಆಗುತ್ತದೆ, ಏಕೆಂದರೆ ಯಾರು ಯಾವಾಗ ಬಂದರೆಂಬುದು ಅವರಿಗೇ ಮೊದಲು ತಿಳಿಯುವುದು.

ಮಗುವನ್ನು ಶಾಲೆ-ಅಂಗನವಾಡಿಗಳಿಂದ ಎಷ್ಟು ದಿನ ದೂರವಿಡಬೇಕು ಎಂಬುದೂ ಕಾಯಿಲೆಯನ್ನು ಅವಲಂಬಿಸಿದೆ. ದಡಾರವು ದದ್ದು ಕಾಣುವ ನಾಲ್ಕು ದಿನ ಮೊದಲಿನಿಂದ ನಾಲ್ಕು ದಿನ ನಂತರದವರೆಗೆ ಹರಡುತ್ತದೆ. ಆದ್ದರಿಂದ ದದ್ದು ಕಂಡ ಬಳಿಕ ಕನಿಷ್ಠ ನಾಲ್ಕು ದಿನ ಮನೆಯಲ್ಲಿರಬೇಕು. ಸೀತಾಳೆ ಸಿಡುಬಿನಲ್ಲಿ ಪ್ರತಿಯೊಂದು ಗುಳ್ಳೆಯೂ ಹಕ್ಕಳೆಗಟ್ಟುವವರೆಗೆ. ಕೈ-ಕಾಲು-ಬಾಯಿ ರೋಗದಲ್ಲಿ ಜ್ವರ ಬಿಟ್ಟು ಗುಳ್ಳೆಗಳು ಒಣಗುವವರೆಗೆ.

ಫಾಗಿಂಗ್ ಮತ್ತು ಬ್ಲೀಚಿಂಗ್ ಪೌಡರ್ ಬಗ್ಗೆ

ಗುಳ್ಳೆಯ ಸುದ್ದಿ ಬಂದೊಡನೆ ಓಣಿಯಲ್ಲಿ ಫಾಗಿಂಗ್ ಮಾಡಿಸುವುದು, ಚರಂಡಿಗೆ ಬ್ಲೀಚಿಂಗ್ ಪೌಡರ್ ಎರಚಿಸುವುದು ರೂಢಿಯಲ್ಲಿದೆ. ಈ ಮೂರು ಕಾಯಿಲೆಗಳಲ್ಲಿ ಒಂದೂ ಸೊಳ್ಳೆಯಿಂದ ಹರಡುವುದಿಲ್ಲ. ದಡಾರ ಮತ್ತು ಸೀತಾಳೆ ಸಿಡುಬು ಗಾಳಿಯಲ್ಲಿ ಹರಡುತ್ತವೆ. ದಡಾರದ ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೂ ವೈರಾಣು ಉಳಿಯಬಹುದು. ಅಲ್ಲಿ ಬೇಕಾದುದು ಕಿಟಕಿ ತೆರೆದಿಡುವುದು ಮತ್ತು ಲಸಿಕೆ. ಬ್ಲೀಚಿಂಗ್ ಪೌಡರಿಗೆ ನಿಜವಾದ ಉಪಯೋಗವಿರುವುದು ಕೈ-ಕಾಲು-ಬಾಯಿ ರೋಗದಲ್ಲಿ. ಅದೂ ಚರಂಡಿಯಲ್ಲಲ್ಲ, ಅಂಗನವಾಡಿಯ ಒಳಗೆ. ಅದರ ವೈರಾಣು ಜೊಲ್ಲು, ಗುಳ್ಳೆಯ ನೀರು ಮತ್ತು ಮಲದ ಮೂಲಕ ಹರಡುತ್ತದೆ. ಗುಣವಾದ ಮೇಲೂ ವಾರಗಟ್ಟಲೆ ಮಲದಲ್ಲಿರುತ್ತದೆ. ಆಟಿಕೆ, ನೆಲ, ಬಾಗಿಲ ಹಿಡಿಗಳನ್ನು ಸಾಬೂನು ನೀರಿನಿಂದ ತೊಳೆದ ಬಳಿಕ, 10 ಲೀಟರ್ ನೀರಿಗೆ ಸುಮಾರು 30 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಕಲಸಿ ತಿಳಿಯಾದ ನೀರಿನಿಂದ ಒರೆಸಿ, ಹತ್ತು ನಿಮಿಷ ಬಿಟ್ಟು, ಶುದ್ಧ ನೀರಿನಲ್ಲಿ ತೊಳೆಯಬೇಕು. ಕೈ ತೊಳೆಯಲು ಸಾಬೂನೇ ಸರಿ. ಸ್ಯಾನಿಟೈಸರ್ ಈ ವೈರಾಣುವಿನ ಮೇಲೆ ಅಷ್ಟು ಪರಿಣಾಮಕಾರಿಯಲ್ಲ.

ಹೆಸರಿನಿಂದಾಗುವ ಗೊಂದಲವನ್ನೂ ನಿವಾರಿಸಬೇಕು. ದನಗಳ ಕಾಲುಬಾಯಿ ಜ್ವರವೇ ಬೇರೆ, ಮಕ್ಕಳ ಈ ಕಾಯಿಲೆಯೇ ಬೇರೆ. ಒಂದರಿಂದ ಇನ್ನೊಂದು ಬರುವುದಿಲ್ಲ. 2022ರಲ್ಲಿ ಕೇರಳದ ಕೊಲ್ಲಂನಿಂದ ಕೇಳಿಬಂದ "ಟೊಮೆಟೊ ಜ್ವರ" ಸಹ ಕೈ-ಕಾಲು-ಬಾಯಿ ರೋಗದ್ದೇ ಒಂದು ರೂಪ. ಟೊಮೆಟೊ ಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಹಾಗೆಯೇ ಹಿಂದಿನ ಕಾಲದ ಮಾರಕ ಸಿಡುಬು 1980ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಗಿದೆ. ಸೀತಾಳೆ ಸಿಡುಬು ಅದಲ್ಲ.

ಮನೆಯವರೊಂದಿಗೆ ಮಾತನಾಡುವಾಗ

ಅಮ್ಮ ಬಂದ ಮನೆಯಲ್ಲಿ ಬೇವಿನ ಸೊಪ್ಪು ಕಟ್ಟುವುದರಿಂದ ಯಾವ ಕೆಡುಕೂ ಇಲ್ಲ. ಹೊರಗಿನವರು ಒಳಬಾರದಂತೆ ಅದು ಒಂದು ಸೂಚನೆಯೂ ಹೌದು. ಸದಸ್ಯರು ಆ ನಂಬಿಕೆಯನ್ನು ತಳ್ಳಿಹಾಕುವ ಅಗತ್ಯವಿಲ್ಲ. ಕೆಡುಕಾಗುವುದು ಮಗುವಿಗೆ ಊಟ-ನೀರು ಕಡಿಮೆ ಮಾಡಿದಾಗ ಮತ್ತು ಆಸ್ಪತ್ರೆಗೆ ಕರೆದೊಯ್ಯಲು ಹಿಂಜರಿದಾಗ. ಎದೆಹಾಲು, ಗಂಜಿ, ಮಜ್ಜಿಗೆ, ಎಳನೀರು ನಿಲ್ಲಬಾರದು. ಜ್ವರಕ್ಕೆ ಆಸ್ಪಿರಿನ್ ಮಾತ್ರೆ ಕೊಡಬಾರದು. ಮಕ್ಕಳಲ್ಲಿ, ಅದರಲ್ಲೂ ಸೀತಾಳೆ ಸಿಡುಬಿನಲ್ಲಿ, ಅದು ಯಕೃತ್ತು ಮತ್ತು ಮೆದುಳಿಗೆ ಹಾನಿ ಮಾಡಬಲ್ಲದು. ಸೀತಾಳೆ ಸಿಡುಬು ಬಂದಿರದ ಗರ್ಭಿಣಿಯರು ಆ ಮನೆಗೆ ಹೋಗಬಾರದು, ಹೋಗಿದ್ದರೆ ವೈದ್ಯರಿಗೆ ತಿಳಿಸಬೇಕು.

ಮಗು ವೇಗವಾಗಿ ಉಸಿರಾಡುತ್ತಿದ್ದರೆ, ಎದೆ ಒಳಗೆ ಸೆಳೆದುಕೊಳ್ಳುತ್ತಿದ್ದರೆ, ಏನನ್ನೂ ಕುಡಿಯದಿದ್ದರೆ, ಆರೆಂಟು ಗಂಟೆಗಳಿಂದ ಮೂತ್ರ ಮಾಡದಿದ್ದರೆ, ಮಂಪರು ಅಥವಾ ಫಿಟ್ಸ್ ಬಂದಿದ್ದರೆ, ಕಣ್ಣಿನ ಗುಡ್ಡೆ ಮಸುಕಾಗಿದ್ದರೆ, ಅದು ಮೂರರಲ್ಲಿ ಯಾವ ಕಾಯಿಲೆ ಎಂದು ಯೋಚಿಸುತ್ತ ಕೂರುವ ಸಮಯವಲ್ಲ. 108 ಆಂಬುಲೆನ್ಸ್ ಕರೆಸಿ ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಗೆ ಒಂದು ಸಾಮಾನ್ಯ ನೋಟ್ ಪುಸ್ತಕ ಸಾಕು. ಅದರಲ್ಲಿ ಆರು ಅಂಕಣಗಳು: ಮಗುವಿನ ವಯಸ್ಸು, ಮನೆ ಅಥವಾ ಬಿಡಾರ, ಜ್ವರದ ದಿನಾಂಕ, ಗುಳ್ಳೆಯ ದಿನಾಂಕ, ಮೊದಲು ಕಂಡ ಜಾಗ, ಲಸಿಕೆ ಹಾಕಿಸಿದ ದಿನಾಂಕ. ಮೂರನೆಯ ಮತ್ತು ನಾಲ್ಕನೆಯ ಅಂಕಣಗಳ ನಡುವೆ ಎರಡು ದಿನಗಳಿಗಿಂತ ಹೆಚ್ಚು ಅಂತರವಿದ್ದು, ಆರನೆಯದು ಖಾಲಿ ಇರುವ ಮಗು ಪಟ್ಟಿಯಲ್ಲಿ ಕಂಡರೆ, ಆರೋಗ್ಯ ಸಿಬ್ಬಂದಿಯನ್ನು ಮೊದಲು ಆ ಮನೆಗೆ ಕರೆದೊಯ್ಯುವುದು.